ರೆಸ್ಯೂಮ್ ಓದುವವರ ಕೈಯಲ್ಲಿ ಇರುವುದು ಮೊಬೈಲು

ನಾನು ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುವವಳು. ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಎಚ್‌ಆರ್ ಅಂತ ಬೇರೆ ಯಾರೂ ಇಲ್ಲ. ಕೆಲಸಕ್ಕೆ ಜನ ಬೇಕಾದಾಗ ಬರುವ ರೆಸ್ಯೂಮ್‌ಗಳನ್ನು ಮೊದಲು ನೋಡುವುದು ನಾನೇ. ಎಲ್ಲಿ ನೋಡುತ್ತೇನೆ ಗೊತ್ತಾ? ರೈಲಿನಲ್ಲಿ. ಪಾಂಡವಪುರ ದಾಟಿ ಶ್ರೀರಂಗಪಟ್ಟಣ ಬರುವಷ್ಟರಲ್ಲಿ, ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಮೊಬೈಲು.

ಹೋದ ತಿಂಗಳು ಬಿಲ್ಲಿಂಗ್ ಕೆಲಸಕ್ಕೆ ಒಬ್ಬರು ಬೇಕಿತ್ತು. ಎರಡು ದಿನದಲ್ಲಿ ನನ್ನ ಮೊಬೈಲ್‌ನ ಡೌನ್‌ಲೋಡ್ ಫೋಲ್ಡರ್ ಇಂಥ ಫೈಲುಗಳಿಂದ ತುಂಬಿಹೋಯಿತು:

```
Resume.pdf
Resume (1).pdf
Resume (2).pdf
my resume final new.docx
DOC-20250611-WA0014.pdf
```

ಬ್ರಾಕೆಟ್ ಒಳಗಿನ ನಂಬರ್ ಹಾಕಿದ್ದು ಅಭ್ಯರ್ಥಿಗಳಲ್ಲ, ನನ್ನ ಮೊಬೈಲು. ಒಂದೇ ಹೆಸರಿನ ಫೈಲ್ ಮತ್ತೆ ಬಂದರೆ ಪಾಪ ಅದಾದರೂ ಏನು ಮಾಡಬೇಕು? ಸಂಜೆ ಮ್ಯಾನೇಜರ್ ಕೇಳಿದರು, "ಮದ್ದೂರಿನ ಹುಡುಗ ಒಬ್ಬ ಇದ್ದನಲ್ಲಮ್ಮ, ಟ್ಯಾಲಿ ಚೆನ್ನಾಗಿ ಬರುತ್ತೆ ಅಂದಿದ್ದೆ, ಯಾವುದದು?" ಒಂದೊಂದೇ ತೆಗೆದು ನೋಡುತ್ತಾ ಹೋದೆ. ಆರನೆಯದು ತೆಗೆಯುವಷ್ಟರಲ್ಲಿ ಅವರು ಬೇರೆ ಕೆಲಸಕ್ಕೆ ಎದ್ದು ಹೋದರು.

ಕಳಿಸುವವರ ಕಂಪ್ಯೂಟರ್‌ನಲ್ಲಿ ಒಂದೇ ರೆಸ್ಯೂಮ್ ಇರುತ್ತದೆ. ಅಲ್ಲಿ `Resume` ಅಂದರೆ ಸಾಕು. ನನ್ನ ಹತ್ತಿರ ಬಂದಾಗ ಅದು ನಲವತ್ತರಲ್ಲಿ ಒಂದು. ನಿಮ್ಮ ಹೆಸರು ಕಾವ್ಯ ಎಂ. ಅಂತ ಇಟ್ಟುಕೊಳ್ಳಿ. ಆಗ ಫೈಲಿನ ಹೆಸರು `Kavya_M_Billing_Resume.pdf` ಅಂತ ಇದ್ದರೆ ನನಗೆ ತೆಗೆದೇ ನೋಡಬೇಕಾಗಿಲ್ಲ. ಮೊದಲು ನಿಮ್ಮ ಹೆಸರು, ಆಮೇಲೆ ಕೆಲಸ. ಮೊಬೈಲ್ ಸ್ಕ್ರೀನ್‌ನಲ್ಲಿ ಉದ್ದ ಹೆಸರು ಮಧ್ಯದಲ್ಲೇ ತುಂಡಾಗುತ್ತದೆ, ಅದಕ್ಕೇ ಮುಖ್ಯವಾದದ್ದು ಮುಂದೆ ಇರಬೇಕು. ಇನಿಶಿಯಲ್ ನಂತರ ಚುಕ್ಕೆ ಬೇಡ, `.pdf` ಮುಂದಿನ ಒಂದೇ ಚುಕ್ಕೆ ಸಾಕು. ವರ್ಷ ಹಾಕಬಾರದು ಅನ್ನುವುದು ನನ್ನ ಸ್ವಂತ ಹಠ. `Resume_2022` ಅಂತ ನೋಡಿದ ತಕ್ಷಣ "ಇದು ಹಳೇದು" ಅಂತ ಮನಸ್ಸಿಗೆ ಬರುತ್ತದೆ, ಒಳಗೆ ಎಲ್ಲಾ ಹೊಸದಾಗಿ ಬರೆದಿದ್ದರೂ.

ಆ `DOC-` ಅಂತ ಶುರುವಾಗುವುದು ವಾಟ್ಸಾಪ್ ಮಾಡುವ ಕೆಲಸ. ಡಿಟಿಪಿ ಅಂಗಡಿಯವರು ವಾಟ್ಸಾಪ್‌ನಲ್ಲಿ ಕಳಿಸಿದ್ದು ಎಷ್ಟೋ ಸಲ ಆ ಹೆಸರಲ್ಲಿ ಮೊಬೈಲ್‌ನಲ್ಲಿ ಕೂರುತ್ತದೆ, ಅದನ್ನೇ ಎತ್ತಿ ಮೇಲ್ ಮಾಡುತ್ತಾರೆ. ಕಳಿಸುವ ಮುಂಚೆ ಫೈಲ್ ಮ್ಯಾನೇಜರ್‌ನಲ್ಲಿ ಅದರ ಮೇಲೆ ಒತ್ತಿ ಹಿಡಿದು `Rename` ಮಾಡಿ. ಕೊನೆಯ `.pdf` ಮಾತ್ರ ಮುಟ್ಟಬೇಡಿ.

ಈಗ ನಮ್ಮ ಬೀದಿಯ ಹುಡುಗಿಯ ಕಥೆ. ಬಿ.ಕಾಂ. ಮುಗಿಸಿದ್ದಾಳೆ, ಚುರುಕು. ಅವಳ ಅಮ್ಮ ಹಾಲು ತರಲು ಹೋದಾಗ ಸಿಕ್ಕಿ, "ನಮ್ಮ ಹುಡ್ಗೀದು ಒಂದ್ಸಲ ನೋಡವ್ವ, ಎಲ್ಲಿಗೆ ಕಳ್ಸುದ್ರೂ ಫೋನೇ ಬರಾಕಿಲ್ಲ" ಅಂದರು. ಸಂಜೆ ಅವಳು ವಾಟ್ಸಾಪ್ ಮಾಡಿದಳು. ವರ್ಡ್ ಫೈಲು.

ತೆಗೆದೆ. ಎರಡು ಪೇಜು. ಎರಡನೇ ಪೇಜಿನಲ್ಲಿ `Place: Mandya` ಮತ್ತು ಅವಳ ಹೆಸರು, ಅಷ್ಟೇ. ಮೊದಲ ಪೇಜಿನಲ್ಲಿ ಅಪ್ಪನ ಹೆಸರು, ಹುಟ್ಟಿದ ದಿನ, ವಿಳಾಸ ಇವುಗಳ ಮುಂದಿನ ಕೋಲನ್‌ಗಳು ಒಂದರ ಕೆಳಗೆ ಒಂದು ನಿಲ್ಲದೆ ಸೊಟ್ಟಗೆ ಹರಡಿಕೊಂಡಿದ್ದವು. ಬುಲೆಟ್ ಇರಬೇಕಾದ ಕಡೆ ಖಾಲಿ ಚೌಕ.

"ಅಕ್ಕಾ, ಅಂಗಡೀಲಿ ಒಂದೇ ಪೇಜ್ ಇತ್ತು, ನೀಟಾಗಿತ್ತು!" ಅಂದಳು. ಅವಳು ಹೇಳಿದ್ದು ನಿಜ. ಮಾರನೇ ದಿನ ಅವಳ ಜೊತೆ ಆ ಅಂಗಡಿಗೇ ಹೋದೆ. ಅಲ್ಲಿ ನೋಡಿದರೆ ಒಂದೇ ಪೇಜು, ಎಲ್ಲಾ ನೇರ. ಟೈಪ್ ಮಾಡಿದವರ ತಪ್ಪೂ ಅಲ್ಲ ಪೂರ್ತಿ.

ಆಗಿದ್ದು ಇಷ್ಟು. ಎಲ್ಲವನ್ನೂ ಒಂದೇ ಪೇಜಿಗೆ ಕೂರಿಸಲು ಅವರು ಏರಿಯಲ್ ನ್ಯಾರೋ ಅನ್ನುವ ಫಾಂಟ್ ಬಳಸಿದ್ದರು. ಅದರ ಅಕ್ಷರಗಳು ತೆಳ್ಳಗೆ, ಒತ್ತೊತ್ತಾಗಿ ಇರುತ್ತವೆ. ವರ್ಡ್ ಫೈಲು ಸಾಮಾನ್ಯವಾಗಿ ಫಾಂಟಿನ ಹೆಸರನ್ನು ಮಾತ್ರ ಹೊತ್ತುಕೊಂಡು ಹೋಗುತ್ತದೆ, ಫಾಂಟನ್ನು ಹೊತ್ತುಕೊಂಡು ಹೋಗುವುದಿಲ್ಲ. ನನ್ನ ಮೊಬೈಲ್‌ನಲ್ಲಿ ಆ ಫಾಂಟ್ ಇಲ್ಲ. ಅದು ತನ್ನ ಹತ್ತಿರ ಇದ್ದ ಇನ್ನೊಂದನ್ನು ಹಾಕಿತು. ಆ ಅಕ್ಷರಗಳು ಅಗಲ. ಪ್ರತಿ ಸಾಲೂ ಸ್ವಲ್ಪ ಸ್ವಲ್ಪ ಬೆಳೆದು, ಕೊನೆಯ ಎರಡು ಸಾಲು ಮುಂದಿನ ಪೇಜಿಗೆ ಬಿದ್ದವು. ಬುಲೆಟ್ ಚೌಕವಾಗಿದ್ದೂ ಇದೇ ಕಾರಣಕ್ಕೆ. ಆ ಗುರುತು ಕೂಡ ಒಂದು ವಿಶೇಷ ಫಾಂಟಿನದು.

ಕೋಲನ್ ಸೊಟ್ಟಗಾದದ್ದು ಸ್ಪೇಸ್‌ಬಾರ್‌ನಿಂದ. `Name` ಆದ ಮೇಲೆ ಹದಿನೈದು ಸಲ ಸ್ಪೇಸ್ ಒತ್ತಿ, `Father's Name` ಆದ ಮೇಲೆ ಐದು ಸಲ ಒತ್ತಿ, ಕಣ್ಣಳತೆಯಲ್ಲಿ ನೇರ ಮಾಡಿದ್ದರು. ಫಾಂಟ್ ಬದಲಾದರೆ ಸ್ಪೇಸಿನ ಅಗಲವೂ ಬದಲಾಗುತ್ತದೆ, ಅಳತೆ ಕೆಡುತ್ತದೆ. ನಿಮ್ಮ ಫೈಲಿನಲ್ಲಿ ಹೀಗೆ ಇದೆಯಾ ಅಂತ ನೋಡಲು ವರ್ಡ್‌ನ `Home` ನಲ್ಲಿ `¶` ಗುರುತು ಒತ್ತಿ. ಸಾಲುಸಾಲು ಚುಕ್ಕೆ ಕಂಡರೆ ಅವೆಲ್ಲಾ ಸ್ಪೇಸ್. ಅವನ್ನು ಅಳಿಸಿ, ಗೆರೆ ಕಾಣದ ಎರಡು ಕಾಲಂನ ಟೇಬಲ್ ಹಾಕಿದರೆ ಆಯಿತು. ನಾವು ಅದನ್ನೇ ಮಾಡಿದೆವು. ಫಾಂಟ್ ಬದಲಿಸಿ ಸಾಮಾನ್ಯ ಏರಿಯಲ್ ಹಾಕಿದೆವು, ಸೈಜ್ 11. ಒಂದೇ ಪೇಜಿಗೆ ಹಿಡಿಸಲು ಹವ್ಯಾಸದ ನಾಲ್ಕು ಸಾಲು ತೆಗೆದೆವು. ಹಾಡು ಕೇಳುವುದು, ಟಿವಿ ನೋಡುವುದು ಅಂತ ಇತ್ತು, ಸುಮ್ನೆ ಜಾಗ ತಿನ್ನುತ್ತಿತ್ತು.

ಇನ್ನು ಪಿಡಿಎಫ್. ಪಿಡಿಎಫ್ ಮಾಡಿದಾಗ ಫಾಂಟು ಫೈಲಿನ ಒಳಗೇ ಸೇರುತ್ತದೆ, ಸಾಲು ಎಲ್ಲಿ ಮುರಿಯಬೇಕು ಅನ್ನುವುದೂ ಗಟ್ಟಿಯಾಗುತ್ತದೆ. ಯಾರ ಮೊಬೈಲ್‌ನಲ್ಲಿ ತೆಗೆದರೂ ಅದೇ ಪೇಜು. ಆದ್ದರಿಂದ ಜಾಹೀರಾತಿನಲ್ಲಿ ಬೇರೆ ಏನೂ ಹೇಳಿಲ್ಲ ಅಂದರೆ ಪಿಡಿಎಫ್ ಕಳಿಸಿ ಅನ್ನುತ್ತೇನೆ ನಾನು. ವರ್ಡ್ ಬೇಕು ಅಂತ ಬರೆದಿದ್ದರೆ ವರ್ಡೇ ಕಳಿಸಬೇಕು, ಅಲ್ಲಿ ಜಾಣತನ ಬೇಡ. ಕನ್ಸಲ್ಟೆನ್ಸಿಯವರು ಹಾಗೆ ಕೇಳುವುದು ಜಾಸ್ತಿ. ನಿಮ್ಮ ಫೋನ್ ನಂಬರ್ ತೆಗೆದು, ತಮ್ಮ ಹೆಸರು ಹಾಕಿ ಕಂಪನಿಗೆ ಕಳಿಸುತ್ತಾರೆ, ಅದಕ್ಕೆ ತಿದ್ದಲು ಬರುವ ಫೈಲ್ ಬೇಕು.

ನಮ್ಮ ಹುಡುಗಿ ಮನೆಗೆ ಹೋಗಿ ಒಂದು ಚಿಕ್ಕ ತಿದ್ದುಪಡಿ ಮಾಡಿ, "ಪಿಡಿಎಫ್ ಮಾಡಿದೆ ಅಕ್ಕ" ಅಂತ ಮತ್ತೆ ಕಳಿಸಿದಳು. ಒತ್ತಿದರೆ ತೆರೆಯಲೇ ಇಲ್ಲ. ಅವಳು ಮಾಡಿದ್ದು ಏನೆಂದರೆ, ಫೈಲಿನ ಹೆಸರಿನ ಕೊನೆಯಲ್ಲಿದ್ದ `.docx` ಅಳಿಸಿ `.pdf` ಅಂತ ಬರೆದದ್ದು. ಸಕ್ಕರೆ ಡಬ್ಬಕ್ಕೆ ಉಪ್ಪು ಅಂತ ಚೀಟಿ ಅಂಟಿಸಿದರೆ ಒಳಗಿರುವುದು ಉಪ್ಪಾಗುತ್ತಾ? ವರ್ಡ್‌ನಲ್ಲಿ `File`, `Save As` ಗೆ ಹೋಗಿ `Save as type` ನಲ್ಲಿ `PDF` ಆರಿಸಬೇಕು. ಇದನ್ನು ಫೈಲು ಸರಿಯಾಗಿ ಕಾಣುವ ಕಂಪ್ಯೂಟರ್‌ನಲ್ಲೇ ಮಾಡಿ. ಮೊಬೈಲ್‌ನಲ್ಲಿ ತೆಗೆದು ಅಲ್ಲಿ ಪಿಡಿಎಫ್ ಮಾಡಿದರೆ, ಫಾಂಟ್ ಆಗಲೇ ಬದಲಾಗಿರುತ್ತದೆ. ಆ ಸೊಟ್ಟ ರೂಪವೇ ಪಿಡಿಎಫ್‌ನಲ್ಲಿ ಗಟ್ಟಿಯಾಗಿ ಕೂರುತ್ತದೆ.

ಇನ್ನೊಂದು ಥರದ ಪಿಡಿಎಫ್ ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಪ್ರಿಂಟ್ ತೆಗೆದು, ಅದರ ಫೋಟೋ ಹೊಡೆದು, ಫೋಟೋವನ್ನು ಪಿಡಿಎಫ್ ಮಾಡಿದ್ದು. ಮೂಲೆಯಲ್ಲಿ ಹೆಬ್ಬೆರಳು ಬೇರೆ. ಅದು ಅಕ್ಷರ ಅಲ್ಲ, ಚಿತ್ರ. ಹುಡುಕಿದರೆ "ಟ್ಯಾಲಿ" ಅನ್ನುವ ಪದ ಸಿಗಲ್ಲ, ಫೋನ್ ನಂಬರ್ ಕಾಪಿ ಮಾಡಲು ಬರಲ್ಲ. ಗೊತ್ತಾಗುವುದು ಹೇಗೆ? ಮೊಬೈಲ್‌ನಲ್ಲಿ ಫೈಲ್ ತೆಗೆದು ಒಂದು ಪದದ ಮೇಲೆ ಒತ್ತಿ ಹಿಡಿಯಿರಿ. ಆ ಪದ ಮಾತ್ರ ಬಣ್ಣ ಬದಲಾಯಿಸಿ ಸೆಲೆಕ್ಟ್ ಆದರೆ ಅಕ್ಷರ ಇದೆ. ಆಗಲಿಲ್ಲ ಅಂದರೆ ಇನ್ನೊಂದು ಆ್ಯಪ್‌ನಲ್ಲೂ ನೋಡಿ. ಅಲ್ಲೂ ಆಗದಿದ್ದರೆ ಬಹುಶಃ ಫೋಟೋನೇ.

ಕನ್ನಡದಲ್ಲಿ ಬಯೋಡೇಟಾ ಮಾಡುವವರಿಗೆ ಒಂದು ಮಾತು. ಸಹಕಾರ ಸಂಘ, ಕನ್ನಡ ಶಾಲೆ ಅಂತ ಅರ್ಜಿ ಹಾಕುವವರು ನಮ್ಮ ಕಡೆ ಇದ್ದಾರೆ. ಡಿಟಿಪಿಯವರು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿ ವರ್ಡ್ ಫೈಲ್ ಕೊಟ್ಟರೆ, ಮೊಬೈಲ್‌ನಲ್ಲಿ "ಕನ್ನಡ" ಅನ್ನುವ ಪದ `PÀ£ÀßqÀ` ಅಂತ ಕಾಣುತ್ತದೆ. ಪಿಡಿಎಫ್ ಮಾಡಿದರೆ ಕಣ್ಣಿಗೆ ಕನ್ನಡ ಸರಿಯಾಗೇ ಕಾಣುತ್ತದೆ, ಆದರೆ ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಅದೇ ಗೋಜಲು ಹೊರಬರುತ್ತದೆ. "ಯೂನಿಕೋಡ್‌ನಲ್ಲಿ ಮಾಡಿಕೊಡಿ" ಅಂತ ಮೊದಲೇ ಹೇಳಿ. ನುಡಿಯಲ್ಲಿ ಟೈಪ್ ಆಗಿದ್ದನ್ನು ಯೂನಿಕೋಡ್‌ಗೆ ಬದಲಿಸಲೂ ಬರುತ್ತದೆ, ಆದರೆ ಆಮೇಲೆ ಒತ್ತಕ್ಷರ ಒಂದೊಂದೂ ಸರಿ ಇದೆಯಾ ಅಂತ ಓದಿ ನೋಡಬೇಕು.

ಮೊಬೈಲ್‌ನಲ್ಲಿ ನೋಡುವುದು ಅಂದರೆ ಬರೀ ತೆರೆಯಿತಾ ಅಂತ ನೋಡುವುದಲ್ಲ. ಎ4 ಹಾಳೆಯ ಅಗಲ 210 ಮಿಲಿಮೀಟರ್. ನಮ್ಮ ಮೊಬೈಲ್ ಸ್ಕ್ರೀನ್ ಅಗಲ 70ರ ಹತ್ತಿರ. ಅಂದರೆ ನಿಮ್ಮ 11ರ ಅಕ್ಷರ ನನಗೆ 4ಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಎರಡು ಬೆರಳಲ್ಲಿ ಹಿಗ್ಗಿಸಿ ಓದುತ್ತೇನೆ, ತೊಂದರೆ ಇಲ್ಲ. ಆದರೆ ಎಡಕ್ಕೊಂದು ಬಲಕ್ಕೊಂದು ಅಂತ ಎರಡು ಭಾಗ ಮಾಡಿದ ಬಣ್ಣಬಣ್ಣದ ಡಿಸೈನ್ ಆದರೆ ಹಿಗ್ಗಿಸಿದ ಮೇಲೆ ಆ ಕಡೆ ಈ ಕಡೆ ಎಳೆದಾಡಬೇಕು. ಓಡುವ ರೈಲಿನಲ್ಲಿ ನಾನು ಅಷ್ಟು ಎಳೆದಾಡಲ್ಲ, ಕ್ಷಮಿಸಿ. ಮೇಲಿಂದ ಕೆಳಗೆ ಒಂದೇ ಸಾಲಾಗಿ ಹೋಗುವ ರೆಸ್ಯೂಮ್ ಆದರೆ ಒಂದೇ ಬೆರಳಲ್ಲಿ ಮುಗಿಯುತ್ತದೆ.

ಹುಡುಗಿಯ ಹೊಸ ಫೈಲನ್ನು ಅವಳೇ ತನಗೆ ಮೇಲ್ ಮಾಡಿಕೊಂಡು ಮೊಬೈಲ್‌ನಲ್ಲಿ ತೆಗೆದಳು. ಆಮೇಲೆ ಅವಳ ಅಣ್ಣನ ಹಳೇ ಮೊಬೈಲ್‌ನಲ್ಲಿ. ಒಂದೇ ಪೇಜು, ಕೋಲನ್ ನೇರ, ಬುಲೆಟ್ ಬುಲೆಟ್ಟೇ. ಇಮೇಲ್ ಐಡಿ ಮೇಲೆ ಒತ್ತಿದಾಗ ಮಾತ್ರ ಒಂದು ಎಡವಟ್ಟು ಸಿಕ್ಕಿತು. ಕಾಣುತ್ತಿದ್ದುದು ಅವಳ ಐಡಿ, ಒತ್ತಿದರೆ ತೆರೆದುಕೊಂಡದ್ದು ಬೇರೆ ಯಾರದ್ದೋ ವಿಳಾಸಕ್ಕೆ ಹೋಗುವ ಮೇಲ್. ಅಂಗಡಿಯವರು ಹಳೆಯ ಗಿರಾಕಿಯೊಬ್ಬರ ಫೈಲಿನ ಮೇಲೇ ಅವಳದ್ದನ್ನು ಟೈಪ್ ಮಾಡಿದ್ದರು. ಮೇಲಿನ ಅಕ್ಷರ ಬದಲಾಗಿತ್ತು, ಕೆಳಗಿನ ಲಿಂಕ್ ಹಾಗೇ ಉಳಿದಿತ್ತು. ವರ್ಡ್‌ನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ `Remove Hyperlink` ಕೊಟ್ಟು, ಮತ್ತೆ ಪಿಡಿಎಫ್ ಮಾಡಿಸಿದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮಾರನೇ ದಿನ ಆಫೀಸಿನ ಕಂಪ್ಯೂಟರ್‌ನಲ್ಲಿ ಕ್ರೋಮ್‌ನಲ್ಲಿ ತೆಗೆದರೆ, ಮೇಲಿನ ಟ್ಯಾಬ್‌ನಲ್ಲಿ ಅವಳ ಹೆಸರಿಲ್ಲ, ಒಬ್ಬ ಹುಡುಗನ ಹೆಸರು! ಫೈಲಿನ ಹೆಸರು ಸರಿಯಾಗೇ ಇತ್ತು. ಆದರೆ ಕ್ರೋಮ್ ತೋರಿಸುವುದು ಪಿಡಿಎಫ್ ಒಳಗೆ ಬರೆದಿರುವ ಟೈಟಲ್. ವರ್ಡ್‌ನಲ್ಲಿ `File`, `Info` ಗೆ ಹೋದರೆ ಬಲಗಡೆ `Title`, `Author` ಅಂತ ಇರುತ್ತದೆ. ಎರಡರಲ್ಲೂ ಅವನೇ ಕೂತಿದ್ದ. ಅಳಿಸಿ ಅವಳ ಹೆಸರು ಹಾಕಿ, ಮೂರನೇ ಸಲ ಪಿಡಿಎಫ್ ಮಾಡಿದೆ.

ಆ ಹುಡುಗ ಯಾರೋ ನನಗೆ ಗೊತ್ತಿಲ್ಲ. ಆ ಅಂಗಡಿಯಲ್ಲಿ ರೆಸ್ಯೂಮ್ ಮಾಡಿಸಿದ ಇನ್ನೆಷ್ಟು ಜನರ ಟ್ಯಾಬ್ ಮೇಲೆ ಅವನ ಹೆಸರು ಓಡಾಡುತ್ತಿದೆಯೋ. ನಿಮ್ಮದನ್ನೂ ಒಂದ್ಸಲ ತೆಗೆದು ನೋಡಿ, ಅವನೇನಾದರೂ ಸಿಕ್ಕರೆ ಕಾಮೆಂಟ್‌ನಲ್ಲಿ ಹೇಳಿ.