ಕೆಫ್‌ಗೆ ಮಾಮ ಸಾಕು, ರೆಬೆ ಹಾಗೇ ಇರಲಿ

"ವೆರ್ಲಾನ್ ಅನುವಾದಿಸುವಾಗ ಕನ್ನಡ ಪದಗಳನ್ನೂ ತಿರುಗಿಸಬೇಕು" – ಇದನ್ನು ನಾನು ಒಪ್ಪಲಾರೆ. ವೆರ್ಲಾನ್ ಅಂದರೆ ಪದದ ಉಚ್ಚಾರಾಂಶಗಳನ್ನು ಹಿಂದುಮುಂದು ಮಾಡಿ ಆಡುವ ಫ್ರೆಂಚ್ ಆಡುಮಾತು. ಪೊಲೀಸನಿಗೆ ಹೇಳುವ 'ಫ್ಲಿಕ್' ತಿರುಗಿ 'ಕೆಫ್' ಆಗಿದ್ದು ನಿಜ. ಆದರೆ ಪ್ಯಾರಿಸ್ ಹೊರವಲಯದ ಹುಡುಗರು ಅದನ್ನು ಬಿಡಿಸಿಕೊಂಡು ಕೇಳುವುದಿಲ್ಲ, ಅವರಿಗದು ದಿನಬಳಕೆಯ ಪದ. ನಾವು 'ಲೀಸ್ಪೊ' ಅಂತ ಬರೆದರೆ ಓದುಗ ಒಗಟು ಬಿಡಿಸುತ್ತಾ ಕೂರುತ್ತಾನೆ, ಮಾತಿನ ಓಟ ಅಲ್ಲೇ ನಿಲ್ಲುತ್ತದೆ. ಬೆಂಗಳೂರಿನ ಹುಡುಗರ ಬಾಯಲ್ಲಿ 'ಮಾಮ' ಆಗಲೇ ಇದೆಯಲ್ಲ! 'ಬಿಡ್ ಮಗಾ, ಮಾಮ ಬಂದ' ಅಂದರೆ ಆಯಿತು.

ನಿಜವಾದ ತೊಡಕು 'ರೆಬೆ'ಯಲ್ಲಿದೆ. 'ಅರಬ್' ತಿರುಗಿ 'ಬೆರ್' ಆಯಿತು. 1980ರ ದಶಕದಲ್ಲಿ ಪತ್ರಿಕೆಗಳೂ ಅದನ್ನು ಎತ್ತಿಕೊಂಡವು, ಆಮೇಲೆ ಅದೇ ಮತ್ತೆ ತಿರುಗಿ 'ರೆಬೆ' ಆಯಿತು. ವಲಸಿಗರ ಮಕ್ಕಳು ತಮ್ಮನ್ನು ತಾವೇ ಕರೆದುಕೊಳ್ಳುವ ಹೆಸರದು. ಅದರ ಜಾಗದಲ್ಲಿ ನಮ್ಮೂರಿನ ಯಾವ ಸಮುದಾಯದ ಪದವನ್ನೂ ತಂದು ಕೂರಿಸಬೇಡಿ.