ಭಾಗಾಕಾರ ಮಾಡಿದರೆ ಆಯುಷ್ಯ ಸಿಗುವುದಿಲ್ಲ

"ಅಗಲವಾದ ಉಕ್ಕಿನ ಪ್ಲೇಟಿನ ನಡುವೆ ಬಿರುಕು, ಅರ್ಧ ಉದ್ದ 2 ಮಿ.ಮೀ. ಒತ್ತಡದ ಏರಿಳಿತ 0ಯಿಂದ 100 MPa. 20 ಮಿ.ಮೀ.ವರೆಗೆ ಬೆಳೆಯಲು ಬಿಡಬಹುದು. ಈಗಿನ ವೇಗದಿಂದ ಭಾಗಿಸಿದರೆ 52 ಲಕ್ಷ ಸೈಕಲ್ ಬರುತ್ತದೆ, ಸರಿಯೇ?"

ಇಲ್ಲ ಸರ್, ಸುಮಾರು 8 ಲಕ್ಷ ಮಾತ್ರ. ಬಿರುಕಿನ ಅರ್ಧ ಉದ್ದ a ಹೆಚ್ಚಾದಂತೆ ಅದರ ತುದಿಯಲ್ಲಿನ ಒತ್ತಡ ತೀವ್ರತೆಯ ಏರಿಳಿತ ΔK ಕೂಡ ಏರುತ್ತದೆ, ಅದರ ಜೊತೆಗೆ ಪ್ರತಿ ಸೈಕಲ್‌ನ ಬೆಳವಣಿಗೆ da/dN ಕೂಡ:

```
ΔK = Δσ √(πa)
da/dN = C (ΔK)^m
```

ಈಗ ΔK ಸುಮಾರು 7.9 MPa√m. 20 ಮಿ.ಮೀ. ತಲುಪುವಾಗ ಅದು 25. C, m ಎರಡೂ ವಸ್ತುವಿನ ಸ್ಥಿರಾಂಕಗಳು; ಇಲ್ಲಿ m = 3 ಆದ್ದರಿಂದ ಬೆಳವಣಿಗೆಯ ವೇಗ 32 ಪಟ್ಟು ಹೆಚ್ಚಿರುತ್ತದೆ. ಹಾಗಾಗಿ ಭಾಗಿಸಬಾರದು, ಈಗಿನ ಅರ್ಧ ಉದ್ದ a0ಯಿಂದ ಮಿತಿಯಾದ afವರೆಗೆ ಇಂಟಿಗ್ರೇಟ್ ಮಾಡಬೇಕು:

```
N = 2/(C Δσ³ π^1.5) × (1/√a0 − 1/√af)
C = 6.9e-12 (a ಮೀಟರ್, Δσ MPa)
```

ಇದರಲ್ಲಿ ಅರ್ಧ ಆಯುಷ್ಯ ಬಿರುಕು 4.6 ಮಿ.ಮೀ. ಆಗುವಷ್ಟರಲ್ಲೇ ಮುಗಿದಿರುತ್ತದೆ. ಮಿತಿಯನ್ನು 40 ಮಿ.ಮೀ.ಗೆ ಏರಿಸಿದರೂ ಸಿಗುವುದು ಇನ್ನೊಂದು ಲಕ್ಷ ಚಿಲ್ಲರೆ ಅಷ್ಟೇ. ಆದರೆ ಈಗಿನ ಬಿರುಕು 2ರ ಬದಲು 3 ಮಿ.ಮೀ. ಇದ್ದರೆ ಉಳಿಯುವುದು 5.8 ಲಕ್ಷ! ಅದಕ್ಕೇ ಅಳತೆಯ ಬಗ್ಗೆ ನನಗೆ ಹೆಚ್ಚು ಆತಂಕ. ಹೊರೆ ಇಳಿಸಿದಾಗ ಬಿರುಕಿನ ತುದಿ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಬಿರುಕು ಕಾಣಲೆಂದು ತಪಾಸಣೆಯಲ್ಲಿ ಹಚ್ಚುವ ಕೆಂಪು ಬಣ್ಣದ ದ್ರವ ಅಲ್ಲಿಗೆ ಇಳಿಯದೇ ಇರಬಹುದು. ಆಗ ಕಾಣುವ ಕೆಂಪು ಗೆರೆ ನಿಜವಾದ ಬಿರುಕಿಗಿಂತ ಗಿಡ್ಡ. ಲೆಕ್ಕಕ್ಕೆ ಗೆರೆಯ ಉದ್ದವನ್ನಲ್ಲ, ನಿಮ್ಮ ತಪಾಸಣೆಯ ಕಣ್ಣಿಗೆ ತಪ್ಪಿಹೋಗಬಹುದಾದ ಅತಿ ದೊಡ್ಡ ಬಿರುಕಿನ ಅರ್ಧ ಉದ್ದವನ್ನು a0 ಆಗಿ ಹಾಕಿ.