ಹತ್ತಿ ಬಾ, ಹತ್ತಿ ಹೋಗು

ಅಂತರಗಂಗೆಯ ಮೆಟ್ಟಿಲುಗಳಿಗೂ ನನ್ನ ಮಂಡಿಗಳಿಗೂ ಈಚೆಗೆ ಹೊಂದಾಣಿಕೆ ತಪ್ಪಿರುವುದರಿಂದ, ಕಳೆದ ಕಾರ್ತಿಕದ ಒಂದು ಸೋಮವಾರ ತಮ್ಮನ ಮಗಳನ್ನು ದೇವಸ್ಥಾನಕ್ಕೆ ಕಳುಹಿಸಿ ನಾನು ಬೆಟ್ಟದ ಬುಡದಲ್ಲಿಯೇ ಕುಳಿತಿದ್ದೆ. ಮೇಲಿನ ತಿರುವಿನಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಮೊಮ್ಮಗನನ್ನು "ಹತ್ತಿ ಬಾರೋ" ಎಂದು ಕೂಗಿದರು. ನನ್ನ ಪಕ್ಕದಲ್ಲಿದ್ದ ಅವನ ತಾಯಿ "ಹತ್ತಿ ಹೋಗೋ" ಎಂದು ಬೆನ್ನು ತಟ್ಟಿದಳು. ಹುಡುಗನೊಬ್ಬನೇ, ಮೆಟ್ಟಿಲುಗಳೂ ಅವೇ. ಬದಲಾದದ್ದು ಹೇಳಿದವರು ನಿಂತಿದ್ದ ಜಾಗ ಮಾತ್ರ.

ನಮ್ಮ ಮಾತಿನ ಕಟ್ಟಡ ಹೀಗಿದೆ: ದಾರಿಯು ಮೇಲಕ್ಕೆ ಎಂಬುದನ್ನು 'ಹತ್ತು' ಹೇಳುತ್ತದೆ, ನನ್ನ ಕಡೆಗೋ ಆಚೆಗೋ ಎಂಬುದನ್ನು 'ಬಾ', 'ಹೋಗು' ಹೇಳುತ್ತವೆ. ಹುಡುಗ ಕುಪ್ಪಳಿಸಿದನೋ ಕಾಲೆಳೆದನೋ ಎಂಬುದನ್ನು ಹೇಳಲೇಬೇಕೆಂಬ ಕಟ್ಟುಪಾಡಿಲ್ಲ. ಬೇಕಾದರೆ 'ಕುಪ್ಪಳಿಸಿಕೊಂಡು' ಎಂದು ಮುಂದೆ ಸೇರಿಸಿಕೊಳ್ಳಬಹುದು. ಕೋಲಾರದ ಬೀದಿಯಲ್ಲಿ ಕನ್ನಡದಷ್ಟೇ ಸಲೀಸಾಗಿ ಕೇಳುವ ತೆಲುಗಿನಲ್ಲಿಯೂ ಅಜ್ಜಿ 'ಎಕ್ಕಿ ರಾ' ಎನ್ನುತ್ತಾಳೆ, ತಾಯಿ 'ಎಕ್ಕಿ ಪೋ' ಎನ್ನುತ್ತಾಳೆ. ಅಚ್ಚು ಒಂದೇ, ಎರಕ ಮಾತ್ರ ಬೇರೆ. ಹೀಗಾಗಿ ಎರಡು ಭಾಷೆ ಬಲ್ಲ ನಾವು ಲೋಕವೆಲ್ಲ ಹೀಗೆಯೇ ನಡೆದಾಡುತ್ತದೆಂದು ನಂಬಿಬಿಟ್ಟಿರುತ್ತೇವೆ.

ಈ ನಂಬಿಕೆಗೆ ಪೆಟ್ಟು ಬಿದ್ದದ್ದು ತಮ್ಮನ ಮಗಳು ದಾದಿಯ ಕೆಲಸಕ್ಕಾಗಿ ಜರ್ಮನ್ ಕಲಿಯಲು ಹೊರಟಾಗ. 'ನಾಳೆ ಬೆಂಗಳೂರಿಗೆ ಹೋಗುತ್ತೇನೆ' ಎಂಬುದಕ್ಕೆ ಅವಳು 'ಗೇಯೆನ್' ಎಂಬ ಕ್ರಿಯಾಪದವನ್ನು ಬಳಸಿದ್ದಳು. ಅವಳ ಶಿಕ್ಷಕಿ ಅಂಚಿನಲ್ಲಿ "ನಡೆದುಕೊಂಡೇ?" ಎಂದು ಬರೆದು ಕಳುಹಿಸಿದ್ದರು. ಜರ್ಮನ್‌ನಲ್ಲಿ ಬಸ್ಸು, ರೈಲು, ಸೈಕಲ್ಲುಗಳಲ್ಲಿ ಹೋಗುವುದಕ್ಕೆ 'ಫಾರೆನ್', ವಿಮಾನದಲ್ಲಿ ಹೋಗುವುದಕ್ಕೆ 'ಫ್ಲೀಗೆನ್'. ಊರಿನ ಹೆಸರಿನೊಡನೆ 'ಗೇಯೆನ್' ಬಂದರೆ ಅಲ್ಲಿಗೆ ನೆಲೆಸಲು ಹೋಗುವುದೆಂಬ ಅರ್ಥವೂ ಹೊರಡುತ್ತದೆ. ಬೆಳಿಗ್ಗೆ ಹೋಗಿ ಸಂಜೆ ಬರುವವಳು ಕಾಲ್ನಡಿಗೆಯವಳೋ ಗಂಟುಮೂಟೆ ಕಟ್ಟಿದವಳೋ ಆಗಿಬಿಟ್ಟಿದ್ದಳು.

ಅಂತರಗಂಗೆಯ ಅಜ್ಜಿ ಜರ್ಮನ್ ಆಡಿದ್ದರೆ 'ಕೊಮ್ ಹೆರೌಫ್' ಎನ್ನುತ್ತಿದ್ದರು, ತಾಯಿ 'ಗೇ ಹಿನೌಫ್' ಎನ್ನುತ್ತಿದ್ದಳು. 'ಔಫ್' ಎಂದರೆ ಮೇಲಕ್ಕೆ. 'ಹೇರ್' ಎಂದರೆ ಮಾತಾಡುವವರ ಕಡೆಗೆ, 'ಹಿನ್' ಎಂದರೆ ಅವರಿಂದ ಆಚೆಗೆ. ನಾವು 'ಹತ್ತು' ಎಂಬ ಕ್ರಿಯಾಪದದ ಹೆಗಲಿಗೆ ಹೊರಿಸಿದ ದಾರಿಯನ್ನು ಅವರು ಪಕ್ಕದ ಪುಟ್ಟ ಪದಕ್ಕೆ ವಹಿಸುತ್ತಾರೆ. ಈ ಪುಟ್ಟ ಪದಗಳನ್ನು ಭಾಷಾಶಾಸ್ತ್ರಜ್ಞ ಲಿಯೊನಾರ್ಡ್ ಟಾಲ್ಮಿ 1985ರ ಬರಹದಲ್ಲಿ ಕ್ರಿಯಾಪದದ ಉಪಗ್ರಹಗಳೆಂದು ಕರೆದರು. ಇಂಗ್ಲಿಷ್, ರಷ್ಯನ್ ಭಾಷೆಗಳು ಜರ್ಮನ್ನಿನ ಗುಂಪಿಗೆ ಸೇರಿದರೆ, ಸ್ಪ್ಯಾನಿಷ್, ಟರ್ಕಿಷ್, ಜಪಾನಿಗಳು ಈ ವಿಷಯದಲ್ಲಿ ನಮ್ಮ ನೆಂಟರು. ಕಲಿಯುವವರಿಗೆ ಒಂದು ಸಮಾಧಾನವೆಂದರೆ, ಆಡುಮಾತಿನಲ್ಲಿ ಹಿನೌಫ್, ಹೆರೌಫ್ ಎರಡೂ ಸವೆದು ಬರಿಯ 'ರೌಫ್' ಆಗುವುದುಂಟು.

ದಾರಿಯ ಹೊರೆ ಇಳಿದ ಮೇಲೆ ಕ್ರಿಯಾಪದ ಸುಮ್ಮನೆ ಕೂರುವುದಿಲ್ಲ. ನಡೆಯ ರೀತಿಯನ್ನು ಹೊತ್ತುಕೊಳ್ಳುತ್ತದೆ. 'ಅವನು ಕುಂಟುತ್ತಾ ಕೋಣೆಯೊಳಗೆ ಹೋದನು' ಎಂಬ ನಮ್ಮ ವಾಕ್ಯ ಅಲ್ಲಿ 'ಎರ್ ಹಿಂಕ್ಟೆ ಇನ್ಸ್ ಟ್ಸಿಮರ್' ಆಗುತ್ತದೆ. ಇದನ್ನು ಪದಕ್ಕೆ ಪದವಿಟ್ಟು 'ಅವನು ಕೋಣೆಯೊಳಗೆ ಕುಂಟಿದನು' ಎಂದು ತಂದರೆ ಅರ್ಥವೇ ಕೆಡುತ್ತದೆ, ಏಕೆಂದರೆ ಕನ್ನಡದ ಕಿವಿಗೆ ಅವನು ಮೊದಲಿನಿಂದಲೂ ಕೋಣೆಯಲ್ಲಿಯೇ ಇದ್ದು ಅಲ್ಲಿಯೇ ಕುಂಟುತ್ತಿದ್ದಾನೆ. ಹೊಸಿಲು ದಾಟಿಸಲು ನಮಗೆ 'ಹೋದನು', 'ಬಂದನು' ಬೇಕೇ ಬೇಕು. ಜರ್ಮನ್ನರಿಗೆ ಆ ಕೆಲಸವನ್ನು ವಿಭಕ್ತಿ ಮಾಡಿಕೊಡುತ್ತದೆ: 'ಇನ್ಸ್' ಎಂದರೆ ಹೊರಗಿನಿಂದ ಒಳಕ್ಕೆ, 'ಇಮ್' ಎಂದರೆ ಒಳಗೇ. ಒಂದೆರಡು ಅಕ್ಷರ ಹೆಚ್ಚುಕಡಿಮೆಯಾದರೆ ರೋಗಿ ಹೊಸಿಲು ದಾಟುವುದೇ ಇಲ್ಲ. ದಾದಿಯಾಗುವವಳಿಗೆ ಇದು ಸಣ್ಣ ಸಂಗತಿಯಲ್ಲ. ಹಾಗೆಂದು ನಮ್ಮ ನಿಯಮವೂ ಕಬ್ಬಿಣದ್ದಲ್ಲ. 'ಒಳಗೆ ಓಡಿದನು' ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ, 'ನುಗ್ಗಿದನು', 'ನುಸುಳಿದನು' ಎಂದರಂತೂ ರೀತಿ, ದಾರಿ ಎರಡೂ ಒಂದೇ ಪದದಲ್ಲಿ ಬಂದುಬಿಡುತ್ತವೆ.

ಇಷ್ಟರಿಂದ ನಮ್ಮದು ರೀತಿಗೆ ಬಡವಾದ ಭಾಷೆಯೆಂದು ತೀರ್ಮಾನಿಸುವವರನ್ನು ನಾನು ಒಪ್ಪುವುದಿಲ್ಲ. ನಾವು ರೀತಿಯನ್ನು ಸದ್ದಿನಲ್ಲಿ ಇಟ್ಟಿದ್ದೇವೆ: ಸರಸರ, ದಡಬಡ, ಕುಂಟುಕುಂಟು. ಜರ್ಮನ್ನಿನಲ್ಲಿ 'ಪೊಲ್ಟರ್ನ್' ಎಂದರೆ ದಡಬಡ ಸದ್ದು ಮಾಡುವುದು. ಅದಕ್ಕೆ 'ಹಿನುಂಟರ್', ಅಂದರೆ ಕೆಳಕ್ಕೆ, ಎಂಬ ಉಪಗ್ರಹ ಸೇರಿದರೆ ಆ ಸದ್ದೇ ಮೆಟ್ಟಿಲು ಇಳಿಯತೊಡಗುತ್ತದೆ. ನಮ್ಮಲ್ಲಿ ಸದ್ದು ತನ್ನ ಪಾಡಿಗೆ ಸದ್ದು ಮಾಡುತ್ತದೆ, ಇಳಿಯುವವನು ಬೇರೆಯಾಗಿ ಇಳಿಯುತ್ತಾನೆ.

ಇದನ್ನೆಲ್ಲ ಲೆಕ್ಕ ಹಾಕುತ್ತಿದ್ದಾಗ ಕೋತಿಯೊಂದು ಪ್ರಸಾದದ ಬಾಳೆಹಣ್ಣಿಗೆ ಬೆನ್ನಟ್ಟಿದ್ದರಿಂದ ತಮ್ಮನ ಮಗಳು ದಡಬಡನೆ ಇಳಿದು ಬಂದಳು. "ಈಗ ನೀನು ಇಳಿದದ್ದನ್ನು ಜರ್ಮನ್ನಿನಲ್ಲಿ ಹೇಳು ನೋಡೋಣ" ಎಂದೆ. ಅವಳು ಏದುಸಿರು ಬಿಡುತ್ತಾ ಯೋಚಿಸಿ, "ನೀವು ಕೆಳಗೆ ಕೂತಿದ್ದೀರಲ್ಲ ದೊಡ್ಡಪ್ಪ, ಹಿನುಂಟರ್ ಅಲ್ಲ, ನಿಮ್ಮ ಬಾಯಲ್ಲಿ ಅದು ಹೆರುಂಟರ್ ಆಗಬೇಕು" ಎಂದು ನನ್ನನ್ನೇ ತಿದ್ದಿದಳು.